ದಿನಾಂಕಕ್ಕೊಂದು ಗೆರೆ, ಕಾರಣಕ್ಕೊಂದು ಬಾಣ

ಕಳೆದ ವಾರ ನಮ್ಮ ಓಣಿಯ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇತಿಹಾಸದ ವಹಿಯನ್ನು ಹಿಡಿದುಕೊಂಡು ಬಂದಳು. ಒಂದರ ಕೆಳಗೊಂದರಂತೆ ಎರಡು ಪುಟಗಳ ತುಂಬ ಇಸವಿಗಳು. “ಎಲ್ಲಾ ಬಾಯಿಗೆ ಬರ್ತಾವ್ರೀ ಗುರುಗಳೇ. ಆದ್ರ ಗಾಂಧಿ–ಇರ್ವಿನ್ ಒಪ್ಪಂದ ಮೊದಲೋ, ಭಗತ್ ಸಿಂಗರ ಗಲ್ಲು ಮೊದಲೋ ಅಂತ ಕೇಳಿದ್ರ ಪ್ರತಿ ಸಲ ತಪ್ಪತೀನಿ” ಎಂದಳು.

ಅವಳ ಕಷ್ಟ ನೆನಪಿನ ಶಕ್ತಿಯದಲ್ಲ. ಪಟ್ಟಿಯಲ್ಲಿ ಎಲ್ಲ ಘಟನೆಗಳೂ ಸಮಾನ ಅಂತರದಲ್ಲಿ ನಿಲ್ಲುತ್ತವೆ. ಎರಡು ವರ್ಷಗಳ ಅಂತರವೂ ಒಂದು ಸಾಲು, ಮೂರು ದಿನಗಳ ಅಂತರವೂ ಒಂದು ಸಾಲು. ಯಾವುದರಿಂದ ಯಾವುದು ಹುಟ್ಟಿತೆಂಬುದನ್ನಂತೂ ಪಟ್ಟಿ ಹೇಳುವುದೇ ಇಲ್ಲ. ಇವು ಎರಡು ಬೇರೆ ಬೇರೆ ಕೊರತೆಗಳು. ಆದ್ದರಿಂದ ಎರಡು ಬೇರೆ ಹಾಳೆಗಳು ಬೇಕು. ಒಂದು ಕಾಲರೇಖೆ, ಇನ್ನೊಂದು ಕಾರಣ–ಪರಿಣಾಮಗಳ ನಕ್ಷೆ.

ಸೈಮನ್ ಆಯೋಗದ ಘೋಷಣೆಯಾದ 1927ರ ನವೆಂಬರಿನಿಂದ 1931ರ ಮಾರ್ಚ್‌ವರೆಗಿನ ಭಾಗವನ್ನು ಆರಿಸಿಕೊಂಡೆವು. ಒಟ್ಟು 41 ತಿಂಗಳು. ತಿಂಗಳಿಗೆ 2 ಸೆಂಟಿಮೀಟರ್‌ನಂತೆ 82 ಸೆಂಟಿಮೀಟರ್ ಉದ್ದದ ಗೆರೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ, ಅವುಗಳ ಹಿಂಬದಿಯಲ್ಲಿ ಎಳೆದೆವು. ಅಳತೆಯನ್ನು ಬಿಡಬಾರದು, ಕಾಲರೇಖೆಯ ಪ್ರಯೋಜನವಿರುವುದೇ ಅದರಲ್ಲಿ. 1928ರ ಮೊದಲ ತಿಂಗಳುಗಳು ಬಯಲಿನಂತೆ ಖಾಲಿ ಕಂಡವು. 1930ರ ಮಾರ್ಚ್‌ನಿಂದ ಮೇವರೆಗೆ ಬರೆಯಲು ಸ್ಥಳವೇ ಸಾಲಲಿಲ್ಲ. ಅಲ್ಲಿ ಕೆಳಗೆ ಇನ್ನೊಂದು ಪಟ್ಟಿಯನ್ನು ಅಂಟಿಸಿ, ದಿನಕ್ಕೆ 2 ಸೆಂಟಿಮೀಟರ್‌ನಂತೆ ಮೇ ತಿಂಗಳ ಒಂದು ವಾರವನ್ನು ಬಿಡಿಸಿಕೊಂಡೆವು.

ಆ ವಾರ ನಮ್ಮ ಸೊಲ್ಲಾಪುರದ್ದು. ಮೇ 5ರಂದು ಗಾಂಧೀಜಿಯವರ ಬಂಧನ. ಸುದ್ದಿ ತಿಳಿಯುತ್ತಲೇ ಇಲ್ಲಿ ಹರತಾಳ. ಮೇ 8ರಂದು ಗೋಲಿಬಾರು, ಜನರ ರೋಷ. ಮೇ 12ರಂದು ಮಾರ್ಷಲ್ ಲಾ. ಪೊಲೀಸರ ಹತ್ಯೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರಿಗೆ 1931ರ ಜನವರಿ 12ರಂದು ಗಲ್ಲಾಯಿತು. ಹುಡುಗಿ ನಾಲ್ವರು ಹುತಾತ್ಮರ ಪ್ರತಿಮೆಗಳನ್ನು ದಿನವೂ ನೋಡುವವಳೇ. ಆದರೆ ಅವರ ಬಲಿದಾನ ಉಪ್ಪಿನ ಸತ್ಯಾಗ್ರಹದ ಸಾಲಿಗೇ ಸೇರಿದುದೆಂದು ಅವಳಿಗೆ ಹೊಳೆದುದು ಈ ಗೆರೆಯ ಮೇಲೆ.

ಇನ್ನು ಎರಡನೆಯ ಹಾಳೆ. ಇಲ್ಲಿ ದಿನಾಂಕಗಳಿಲ್ಲ, ಘಟನೆಗಳ ಚೌಕಗಳು, ಅವುಗಳ ನಡುವೆ ಬಾಣಗಳು. ನಿಯಮ ಒಂದೇ: ಪ್ರತಿ ಬಾಣದ ಮೇಲೆ ಒಂದು ಕ್ರಿಯಾಪದವನ್ನು ಬರೆಯಬೇಕು. ಕೆರಳಿಸಿತು, ಗಡುವು ಕೊಟ್ಟಿತು, ನಿರಾಶೆಗೊಳಿಸಿತು, ಬಿಡುಗಡೆ ಮಾಡಿತು, ಹೀಗೆ. ಕ್ರಿಯಾಪದ ಸಿಗದ ಬಾಣವನ್ನು ಅಳಿಸಬೇಕು.

ಅವಳು ಸೈಮನ್ ಆಯೋಗದಿಂದ ಲಾಹೋರ್ ಅಧಿವೇಶನದ ಪೂರ್ಣ ಸ್ವರಾಜ್ಯದ ಠರಾವಿಗೆ ನೇರವಾಗಿ ಬಾಣ ಎಳೆದಳು. ಕ್ರಿಯಾಪದ ಸಿಗಲಿಲ್ಲ. ಕಾಲರೇಖೆಯ ಮೇಲೆ ಅಳೆದಾಗ ಎರಡರ ನಡುವೆ ಎರಡು ವರ್ಷ. ಉದ್ದವಾದ ಬಾಣ ಕಂಡರೆ ನಡುವೆ ಕೊಂಡಿ ತಪ್ಪಿದೆಯೇ ಎಂದು ಹುಡುಕಬೇಕು. ಹುಡುಕಿದೆವು: ಭಾರತೀಯರಿಲ್ಲದ ಆಯೋಗ ಬಹಿಷ್ಕಾರವನ್ನು ಕೆರಳಿಸಿತು, ಸಂವಿಧಾನವನ್ನು ನಾವೇ ಬರೆದು ತೋರಿಸುವೆವೆಂದು 1928ರ ಆಗಸ್ಟಿನಲ್ಲಿ ನೆಹರೂ ವರದಿ ಬಂದಿತು, ಅದು ಬೇಡಿದ ಡೊಮಿನಿಯನ್ ಸ್ಥಾನಮಾನವನ್ನು ಒಪ್ಪಿಕೊಳ್ಳಲು ಡಿಸೆಂಬರಿನ ಕಲಕತ್ತಾ ಅಧಿವೇಶನ ಸರಕಾರಕ್ಕೆ ಒಂದು ವರ್ಷದ ಗಡುವು ಕೊಟ್ಟಿತು, ಗಡುವು ತೀರಿದಾಗ ಲಾಹೋರ್.

ಈ ಕೊಂಡಿ ಸಿಕ್ಕಿದೊಡನೆ ಒಂದು ದಿನಾಂಕವನ್ನು ಉರುಹೊಡೆಯುವ ಹೊರೆ ಇಳಿಯಿತು. ಗಡುವು 1929ರ ಡಿಸೆಂಬರ್ 31ಕ್ಕೆ ಮುಗಿಯುತ್ತಿದ್ದುದರಿಂದಲೇ ರಾವಿ ನದಿಯ ದಂಡೆಯ ಮೇಲೆ ಅದೇ ನಡುರಾತ್ರಿ ಧ್ವಜವೇರಿತು. ದಂಡಿಯೂ ಹಾಗೆಯೇ. 1930ರ ಮಾರ್ಚ್ 12ರಂದು ಹೊರಟು 24 ದಿನ ನಡೆದರೆಂದು ತಿಳಿದರೆ ಏಪ್ರಿಲ್ 5 ತಾನಾಗಿ ಬರುತ್ತದೆ, ಮರುದಿನ ಉಪ್ಪು. ಲೆಕ್ಕದಿಂದ ದೊರೆಯುವ ದಿನಾಂಕಗಳನ್ನು ಬೇರೆ ಮಾಡಿದರೆ ಬಾಯಿಪಾಠಕ್ಕೆ ಉಳಿಯುವುದು ಕೆಲವೇ.

ಈಗ ಅವಳ ಮೂಲ ಪ್ರಶ್ನೆ. ಕಾಲರೇಖೆಯ ಮೇಲೆ 1931ರ ಮಾರ್ಚ್ 5 ಒಪ್ಪಂದ, ಮಾರ್ಚ್ 23 ಭಗತ್ ಸಿಂಗರ ಗಲ್ಲು. ನಡುವೆ 18 ದಿನ. ಅಷ್ಟು ಸಮೀಪ ಕಂಡೊಡನೆ ಅವಳು ಒಂದರಿಂದ ಇನ್ನೊಂದಕ್ಕೆ ಬಾಣ ಹಾಕಿದಳು. ಇದು ಕಾಲರೇಖೆಯು ಒಡ್ಡುವ ಮೋಸ: ಬಳಿಕ ನಡೆದದ್ದೆಲ್ಲ ಅದರಿಂದಲೇ ನಡೆದದ್ದಲ್ಲ. ಗಲ್ಲಿನ ತೀರ್ಪು 1930ರ ಅಕ್ಟೋಬರ್ 7ರಷ್ಟು ಹಿಂದಿನದು. ಅದರ ಬೇರು 1928ರ ಡಿಸೆಂಬರ್ 17ರ ಸಾಂಡರ್ಸ್ ಹತ್ಯೆಯಲ್ಲಿ, ಅದರ ಬೇರು ಲಾಲಾ ಲಜಪತರಾಯರ ಮೇಲೆ ಬಿದ್ದ ಲಾಠಿಯಲ್ಲಿ. ಅಂದರೆ ಇದು ಸೈಮನ್ ವಿರೋಧದಿಂದಲೇ ಕವಲೊಡೆದ ಬೇರೊಂದು ದಾರಿ. ಎರಡು ದಾರಿಗಳೂ ಕೂಡುವುದು ಮಾರ್ಚ್ ಕೊನೆಯ ಕರಾಚಿ ಅಧಿವೇಶನದಲ್ಲಿ. ಒಪ್ಪಂದವನ್ನು ಅನುಮೋದಿಸಲು ಬಂದ ಗಾಂಧೀಜಿಯವರನ್ನು, ಗಲ್ಲಿನಿಂದ ನೊಂದ ತರುಣರು ಕಪ್ಪು ಬಾವುಟ ಹಿಡಿದು ಎದುರುಗೊಂಡರು. ಈ ದೃಶ್ಯ ನೆನಪಿದ್ದರೆ ಯಾವುದು ಮೊದಲೆಂಬ ಗೊಂದಲವೇ ಇಲ್ಲ. ಎರಡೂ ಕರಾಚಿಗಿಂತ ಮುಂಚಿನವು, ಗಲ್ಲು ಇನ್ನೂ ಹಸಿಯಾದ ಗಾಯ.

ನಕ್ಷೆ ಮುಗಿದ ಮೇಲೆ ಓದಿನ ಯೋಜನೆಯನ್ನು ಅದೇ ಹೇಳುತ್ತದೆ. ಪ್ರತಿ ಚೌಕಕ್ಕೆ ಎಷ್ಟು ಬಾಣಗಳು ತಾಗಿವೆಯೆಂದು ಎಣಿಸಬೇಕು. ಅವಳ ಹಾಳೆಯಲ್ಲಿ ಲಾಹೋರ್ ಅಧಿವೇಶನ, ಗಾಂಧೀಜಿಯವರ ಬಂಧನ, ಗಾಂಧಿ–ಇರ್ವಿನ್ ಒಪ್ಪಂದ ಇವುಗಳಿಗೆ ಮೂರಕ್ಕಿಂತ ಹೆಚ್ಚು. ಮೊದಲ ಮೂರು ಸಂಜೆ ಈ ಮೂರಕ್ಕೆ. ದೀರ್ಘ ಉತ್ತರಗಳು ಇಂಥ ಕೂಡುದಾರಿಗಳಿಂದಲೇ ಬರೆಯಲು ಬರುತ್ತವೆ. ಒಂದೇ ಬಾಣವಿರುವ ಘಟನೆಯನ್ನು ಅದರ ನೆರೆಯವರೊಡನೆ ಓದಿದರೆ ಸಾಕು. ನಾಲ್ಕನೆಯ ಸಂಜೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಎರಡನ್ನೂ ನೆನಪಿನಿಂದ ಬರೆಯಬೇಕು. ವಾರದ ಬಳಿಕ ಮತ್ತೊಮ್ಮೆ. ಪುಸ್ತಕ ನೋಡಿ ಬಣ್ಣಬಣ್ಣದ ಪೆನ್ನುಗಳಿಂದ ಅಂದವಾಗಿ ನಕಲು ಮಾಡುವುದು ಚಿತ್ರಕಲೆಯಾದೀತು, ಪುನರಾವರ್ತನೆಯಾಗದು.

ಹೀಗೆ ಬರೆದುದನ್ನು ಮೂಲದೊಡನೆ ಹೋಲಿಸಿದಾಗ ತಪ್ಪು ಎಲ್ಲಿದೆಯೆಂದು ನೋಡಬೇಕು. ಬಾಣ ಮತ್ತು ಕ್ರಿಯಾಪದ ಸರಿಯಿದ್ದು ದಿನಾಂಕ ಜಾರಿದ್ದರೆ ಕಾಲರೇಖೆಯ ಆ ತುಂಡನ್ನಷ್ಟೇ ಮತ್ತೆ ಎಳೆಯಬೇಕು. ದಿನಾಂಕ ಸರಿಯಿದ್ದು ಕ್ರಿಯಾಪದ ಹೊಳೆಯದಿದ್ದರೆ ಪಾಠವನ್ನೇ ಮತ್ತೆ ಓದಬೇಕು. ಇಸವಿಯನ್ನು ಹತ್ತು ಸಲ ಬರೆದು ಫಲವಿಲ್ಲ. ಸಂಸ್ಥೆಗಳು ಮತ್ತು ಅವುಗಳ ಸ್ಥಾಪಕರ ಹೆಸರು ಮುಂತಾದ ಹೊಂದಿಸಿ ಬರೆಯುವ ಪ್ರಶ್ನೆಗಳಿಗೆ ಈ ಹಾಳೆಗಳು ಅಷ್ಟಾಗಿ ನೆರವಾಗವು. ಅವಕ್ಕೆ ಪಟ್ಟಿಯೇ ಸಾಕು.

ನಿನ್ನೆ ಸಂಜೆ ಅವಳು ಖಾಲಿ ಹಾಳೆಯ ಮೇಲೆ ಬರೆದುದನ್ನು ತಂದು ತೋರಿಸಿದಳು. ಧಾರಾಸಣೆ ಮರೆತಿತ್ತು, ಮೇ 21ರ ಸ್ಥಳ ಖಾಲಿ. ಆದರೆ ಮಾರ್ಚ್ 5 ಮತ್ತು 23 ತಮ್ಮ ಜಾಗಗಳಲ್ಲಿದ್ದವು, ಅವುಗಳ ನಡುವೆ ಬಾಣವಿರಲಿಲ್ಲ. ಕರಾಚಿಯ ಚೌಕಕ್ಕೆ ಎರಡು ಬಾಣಗಳು ಬಂದು ತಾಗಿದ್ದವು.