ತರಬೇತಿ ಮುಗಿದರೂ ಕಡತ ಕಂಕುಳಲ್ಲೇ!

ಇ-ಆಫೀಸ್ ಬಂದಿರುವ ತಾಲ್ಲೂಕು ಕಚೇರಿಗೆ ಸುದ್ದಿಗೆ ಹೋದಾಗ ನಮಗೆ ಸಿಗುವ ಸಿದ್ಧ ಉತ್ತರ, ‘ಎಲ್ಲರಿಗೂ ಟ್ರೇನಿಂಗ್ ಆಗಿದೆ’. ಆದರೂ ಅದೇ ಕಚೇರಿಯಲ್ಲಿ ಕಡತ ಕಂಕುಳಲ್ಲೇ ಓಡಾಡುತ್ತಿರುತ್ತದೆ. ಇದಕ್ಕೆ ಸಿಬ್ಬಂದಿಯನ್ನು ಬೈದು ಪ್ರಯೋಜನವಿಲ್ಲ ಎಂಬುದು ನಮ್ಮ ಅನಿಸಿಕೆ.

ಒಂದು ಊರಿನವರು ಸ್ಮಶಾನಕ್ಕೆ ಜಾಗ ಕೇಳಿ ಅರ್ಜಿ ಕೊಟ್ಟರು ಎಂದುಕೊಳ್ಳಿ. ಟಪಾಲು ಶಾಖೆಯಲ್ಲಿ ಅದನ್ನು ಸ್ಕ್ಯಾನ್ ಮಾಡಿ ವಿಷಯ ನಿರ್ವಾಹಕರ ಲಾಗಿನ್‌ಗೆ ಕಳಿಸಬೇಕು. ಅವರು ಕಡತ ತೆರೆದು ಟಿಪ್ಪಣಿ ಬರೆದರೆ ಅದು ಶಿರಸ್ತೇದಾರರ ಮೂಲಕ ತಹಶೀಲ್ದಾರರಿಗೆ ಹೋಗಬೇಕು. ಆಗುವುದೇ ಬೇರೆ. ಕಾಗದದ ಕಡತದಲ್ಲೇ ಎಲ್ಲರ ಸಹಿ ಆಗುತ್ತದೆ. ಸಂಜೆ ಕಂಪ್ಯೂಟರ್ ಆಪರೇಟರ್ ಒಬ್ಬರೇ ಎಲ್ಲರ ಪಾಸ್‌ವರ್ಡ್ ಹಾಕಿ ಅದನ್ನು ‘ಏರಿಸುತ್ತಾರೆ’. ಲೆಕ್ಕದಲ್ಲಿ ಇ-ಕಡತ ಒಂದು ಹೆಚ್ಚಾಯಿತು, ಕೆಲಸ ಮಾತ್ರ ಎರಡು ಪಟ್ಟಾಯಿತು.

ಇದನ್ನು ಪತ್ತೆಹಚ್ಚುವುದು ಸುಲಭ. ಕಡತ ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬುದು ತಂತ್ರಾಂಶದಲ್ಲಿ ದಾಖಲಾಗಿರುತ್ತದೆ. ಮೂವರ ಟಿಪ್ಪಣಿಗಳೂ ಹತ್ತು ನಿಮಿಷದೊಳಗೆ ಮುಗಿದಿದ್ದರೆ, ಅದೂ ಕಡತದ ಮೇಲೆ ಕಡತ ಹಾಗೇ ಇದ್ದರೆ, ಕೂತವರು ಒಬ್ಬರೇ ಎಂದು ಅನುಮಾನಿಸಬಹುದು.

ಹೀಗಾಗಲು ಎರಡು ಕಾರಣ ನಮಗೆ ಕಾಣುತ್ತವೆ. ಮೊದಲನೆಯದು ಭಯ. ಹಸಿರು ಟಿಪ್ಪಣಿ ಒಮ್ಮೆ ಮುಂದೆ ಹೋದರೆ ತಿದ್ದಲು ಬರುವುದಿಲ್ಲ. ಆದರೆ ಹಳದಿ ಟಿಪ್ಪಣಿ ಕರಡು ಇದ್ದ ಹಾಗೆ, ತಿದ್ದಬಹುದು, ತೆಗೆದೂ ಹಾಕಬಹುದು. ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ನೂರು ಜನರಿಗೆ ಪರದೆ ತೋರಿಸಿದರೆ ಇದು ತಲೆಗೆ ಹೋಗುವುದಿಲ್ಲ. ವಿಷಯ ನಿರ್ವಾಹಕರನ್ನು ಅವರ ಮೇಜಿನಲ್ಲೇ ಕೂರಿಸಿ, ಅವರದೇ ಕಡತದಲ್ಲಿ ಹಳದಿ ಟಿಪ್ಪಣಿ ಬರೆಸಬೇಕು. ಮೊದಲ ಒಂದು ತಿಂಗಳು ಕರೆದ ಕೂಡಲೇ ಬರುವ ಒಬ್ಬರು ಕಚೇರಿಯಲ್ಲೇ ಇರಬೇಕು.

ಎರಡನೆಯದು, ಕಾಗದಕ್ಕೆ ಬಾಗಿಲು ತೆರೆದೇ ಇರುವುದು. ಸಾಹೇಬರು ಕಾಗದಕ್ಕೆ ಸಹಿ ಹಾಕುವವರೆಗೆ ಕೆಳಗಿನವರು ಕಾಗದವನ್ನೇ ಒಯ್ಯುತ್ತಾರೆ. ಒಂದು ದಿನಾಂಕ ಗೊತ್ತುಮಾಡಿ, ಅಂದಿನಿಂದ ಬರುವ ಹೊಸ ಅರ್ಜಿಗಳನ್ನು ಕಾಗದದಲ್ಲಿ ನೋಡುವುದಿಲ್ಲ ಎಂದು ತಹಶೀಲ್ದಾರರೇ ವಾಪಸ್ ಕಳಿಸಬೇಕು. ಹಳೆಯ ಕಡತಗಳನ್ನೆಲ್ಲ ಒಟ್ಟಿಗೆ ಸ್ಕ್ಯಾನ್ ಮಾಡಲು ಹೊರಟರೆ ಯಾವುದೂ ಮುಗಿಯದು. ಯಾವುದು ಮೇಜಿಗೆ ಬರುತ್ತದೋ ಅದನ್ನು ಆಗ ಮಾಡಿದರೆ ಸಾಕು. ನೆಟ್‌ವರ್ಕ್ ಹೋದ ದಿನ ತುರ್ತು ಕಡತಕ್ಕೆ ಏನು ದಾರಿ ಎಂಬುದನ್ನೂ ಮೊದಲೇ ಬರೆದಿಡಬೇಕು, ಇಲ್ಲದಿದ್ದರೆ ಅದೇ ನೆಪವಾಗುತ್ತದೆ.

ಇಷ್ಟಾದರೂ ವರ್ಗಾವಣೆ ಬಂತೆಂದರೆ ಕಲಿತವರು ಹೋಗಿ ಹೊಸಬರು ಬರುತ್ತಾರೆ. ಹೊಸಬರಿಗೆ ಲಾಗಿನ್ ಕೊಟ್ಟ ವಾರದಲ್ಲೇ ಮತ್ತೆ ಮೇಜಿನ ತರಬೇತಿ ಸಿಗದಿದ್ದರೆ ಆ ಪಾಸ್‌ವರ್ಡೂ ಆಪರೇಟರ್ ಕೈ ಸೇರುತ್ತದೆ. ಹಾಗಾಗಿ ‘ಎಷ್ಟು ಜನರಿಗೆ ತರಬೇತಿ ಆಯಿತು’ ಎಂದು ಕೇಳಿ ಸುದ್ದಿ ಬರೆಯುವುದನ್ನು ನಾವು ವರದಿಗಾರರೂ ಬಿಡೋಣ. ಸ್ಮಶಾನದ ಆ ಅರ್ಜಿಯ ಟಿಪ್ಪಣಿಗಳು ಯಾವ ದಿನ, ಎಷ್ಟು ಗಂಟೆಗೆ ಆದವು ಎಂದು ಕೇಳೋಣ.