ಬಿಟ್ಟು ಬಂದ ಮನೆಯ ಕನಸು



ನಿಟ್ಟೂರಿನ ಸಹೋದರಿಯೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ವಿಚ್ಛೇದನವಾಗಿ ಹದಿನಾಲ್ಕು ತಿಂಗಳಾಗಿವೆ. ಈಗ ತವರಿನ ತೋಟದ ಮನೆಯಲ್ಲಿದ್ದಾರೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿಯ ಕನಸುಗಳೇ ಕಾಡುತ್ತವೆ ಎಂಬುದು ಅವರ ಅಳಲು. ಮೊದಮೊದಲು ಕನಸಿನಲ್ಲಿ ಗಂಡನ ಮನೆಯ ಅಡುಗೆಮನೆಯಲ್ಲಿ ಮುದ್ದೆ ಮಾಡಿಟ್ಟು ಕಾಯುತ್ತಿದ್ದರಂತೆ. ಉಣ್ಣಲು ಯಾರೂ ಬರುತ್ತಿರಲಿಲ್ಲ. ಆಮೇಲೊಮ್ಮೆ ನಿಟ್ಟೂರು ನಿಲ್ದಾಣದಿಂದ ಹೊರಟ ರೈಲಿನಲ್ಲಿ ಅವರು ಕುಳಿತಿದ್ದರು, ತಾವು ಇತ್ತಲೇ ಉಳಿದರು. ಎಚ್ಚರವಾದಾಗ ಮನಸ್ಸು ಹಗುರವಾಗಿತ್ತು. "ಹೀಗೆ ಹಗುರವೆನಿಸುವುದು ಪಾಪವೇ? ಅವರು ಕನಸಿಗೆ ಬರುವುದು ಮರಳಿ ಹೋಗಬೇಕೆಂಬ ಸೂಚನೆಯೇ?" ಎಂದು ಕೇಳಿದ್ದಾರೆ.

ಎರಡೂ ಅಲ್ಲವೆಂದೇ ನಾವು ಭಾವಿಸುತ್ತೇವೆ. ಅಮೆರಿಕದ ಷಿಕಾಗೋ ನಗರದಲ್ಲಿ ರೊಸಲಿಂಡ್ ಕಾರ್ಟ್‌ರೈಟ್ ಎಂಬ ವಿದುಷಿ, ದಾಂಪತ್ಯ ಮುರಿದು ಖಿನ್ನರಾದವರನ್ನು ನಿದ್ರೆಯ ನಡುವೆ ಎಬ್ಬಿಸಿ ಕನಸುಗಳನ್ನು ಕೇಳಿ ಬರೆದುಕೊಂಡರು. ವರ್ಷದ ಬಳಿಕ ಅವರನ್ನು ಮತ್ತೆ ಕಂಡರು. ಅಗಲಿದ ಸಂಗಾತಿಯನ್ನು ಭಾವಭರಿತವಾಗಿ ಕನಸಿನಲ್ಲಿ ಕಂಡು, ಅದರೊಡನೆ ಹಳೆಯ ನೆನಪುಗಳನ್ನೂ ಬೆಸೆದುಕೊಂಡವರೇ ಹೆಚ್ಚಾಗಿ ಚೇತರಿಸಿಕೊಂಡಿದ್ದರು. ಕನಸೇ ಅವರನ್ನು ಗುಣಪಡಿಸಿತೆಂದು ಇದರಿಂದ ಸಿದ್ಧವಾಗದು. ಆದರೆ ಮನಸ್ಸು ಹಳೆಯದನ್ನು ಹೊಸದರೊಡನೆ ಹೊಂದಿಸಿಕೊಳ್ಳುತ್ತಿದೆ ಎಂಬುದಕ್ಕೆ ಅಂಥ ಕನಸು ಗುರುತಾಗಬಹುದು. ಅಡುಗೆಮನೆಯಿಂದ ತವರೂರಿನ ನಿಲ್ದಾಣಕ್ಕೆ ಬಂದ ಕನಸಿನಲ್ಲಿ ನಮಗೆ ಆ ಚಲನೆಯೇ ಕಾಣುತ್ತದೆ.

ಹರಿಹರನ ರಗಳೆಯ ಪ್ರಕಾರ, ಕೌಶಿಕನು ಒಪ್ಪಂದ ಮೀರಿದಾಗ ಅಕ್ಕಮಹಾದೇವಿ ಅವನ ಅರಮನೆಯನ್ನು ತೊರೆದಳು. ಅದೇ ಅಕ್ಕನ ಒಂದು ವಚನವು ಕನಸಿನ ಕಥೆ. ಅಕ್ಕಿ, ಅಡಿಕೆ, ತೆಂಗಿನಕಾಯಿ ಎಂಬ ಮದುವೆಯ ಮಂಗಳದ್ರವ್ಯಗಳು ಅದರಲ್ಲಿವೆ. ಆದರೆ ಮನೆಗೆ ಬರುವವನು ಅರಸನಲ್ಲ, ಭಿಕ್ಷುಕ ಜಂಗಮ. ಬೆನ್ನಟ್ಟಿ ಕೈಹಿಡಿಯುವವಳು ಅವಳೇ. ಸಾಮಗ್ರಿ ಹಳೆಯದು, ಕಥೆ ಅವಳದು.

ಸಹೋದರಿಗೆ ಇನ್ನೊಂದು ಕನಸು ಮರುಕಳಿಸುತ್ತಿದೆ: ಬೀಗ ಹಾಕಿದ ಬಾಗಿಲು, ಒಳಗೆ ತನ್ನ ಪೆಟ್ಟಿಗೆ, ಎಷ್ಟು ತಟ್ಟಿದರೂ ಉತ್ತರವಿಲ್ಲ. ದುಃಸ್ವಪ್ನಗಳಿಗೆ ವೈದ್ಯರು ಬಳಸುವ ಕ್ರಮವೊಂದನ್ನು ಇದಕ್ಕೆ ಅನುಸರಿಸಬಹುದು. ಹಗಲಿನಲ್ಲಿ ಕನಸನ್ನು ಪುಸ್ತಕದಲ್ಲಿ ಬರೆಯಬೇಕು. ಮನಸ್ಸಿಗೆ ಒಪ್ಪುವಂತೆ ಅದನ್ನು ಬದಲಿಸಿ ಮತ್ತೆ ಬರೆಯಬೇಕು. ಕೀಲಿ ತನ್ನ ಸೆರಗಿನ ಗಂಟಿನಲ್ಲೇ ಇದೆ. ಪೆಟ್ಟಿಗೆ ತೆಗೆದುಕೊಂಡು, ಬಾಗಿಲನ್ನು ತಾನೇ ಮುಚ್ಚಿ ಹೊರಡುತ್ತಾಳೆ. ಈ ಹೊಸ ಕಥೆಯನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಕಣ್ಣಮುಂದೆ ತಂದುಕೊಳ್ಳಬೇಕು. ಅತಿ ಭೀಕರವಾದ ಕನಸಿನಿಂದ ಆರಂಭಿಸುವುದು ಬೇಡ.

ಅದೇ ಕನಸು ವಾರಗಟ್ಟಲೆ ಬದಲಾಗದೆ ಬಂದು, ಮಲಗಲು ಭಯವಾದರೆ, ಊಟ ಸೇರದಾದರೆ, ಬದುಕೇ ಬೇಡವೆನಿಸಿದರೆ ಬರೆಯುತ್ತ ಕೂರದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಹಗಲಿರುಳೂ ಉಚಿತ.

ಮನೆಯ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಮಗಳು ಬೆಳಿಗ್ಗೆ ಕನಸು ಹೇಳಿಕೊಂಡರೆ ಶಕುನ ನೋಡಬೇಡಿ, "ಇನ್ನೂ ಅವನದೇ ನೆನಪೇ?" ಎನ್ನಬೇಡಿ. ಕೊನೆಯವರೆಗೂ ಕೇಳಿರಿ.