ಗಂಟೆಗೆ ಎಷ್ಟು ಎಂಬ ತಪ್ಪು ಪ್ರಶ್ನೆ

ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಲಿಬರ್ಟಿ ಕಡೆಯಿಂದ ನಾರಾಯಣಗೂಡದತ್ತ ನಡೆದು ಹೋದರೆ ಇಂಟರ್‌ಮೀಡಿಯಟ್ ಕಾಲೇಜುಗಳ, ಕೋಚಿಂಗ್ ಕೇಂದ್ರಗಳ ಫಲಕಗಳು ಕಣ್ಣು ತುಂಬುತ್ತವೆ. ರಾಜ್ಯದ ಪಠ್ಯಗಳಿಗೆ ಹೆಸರಾದ ತೆಲುಗು ಅಕಾಡೆಮಿಯೂ ಇದೇ ಬಡಾವಣೆಯಲ್ಲಿದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಕಾಚಿಗೂಡ, ಕನ್ನಡ ಮನೆಗಳು, ನೃಪತುಂಗ ಶಾಲೆ. ಫಲಕವಿಲ್ಲದೆ, ಫ್ಲಾಟಿನ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವವರಿಗೂ ಇಂಥ ಕಡೆ ಕೆಲಸವಿದೆ. ಅವರಿಗೆ ಬರುವ ಮೊದಲ ಫೋನಿನ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಗಂಟೆಗೆ ಎಷ್ಟು ಮೇಡಂ?”

ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟ ಗಳಿಗೆಯಲ್ಲೇ ಶಿಕ್ಷಕಿ ಸೋಲುತ್ತಾಳೆ. ಅವಳ ಹಿಂದೆಯೇ ಮಗುವೂ ಸೋಲುತ್ತದೆ. ಗಂಟೆಯ ಲೆಕ್ಕದಲ್ಲಿ ಕಾಣುವುದು ಪರದೆಯ ಮೇಲಿನ ಮಾತು ಮಾತ್ರ. ಪರೀಕ್ಷೆಯಲ್ಲಿ ಅಂಕ ತರುವುದು ಆ ಮಾತಲ್ಲ, ಮಗು ಬರೆದದ್ದನ್ನು ಯಾರೋ ಕೂತು ತಿದ್ದಿದ ಕೆಲಸ. ಅದಕ್ಕೆ ಬೆಲೆ ಕಟ್ಟದ ಯಾವ ತಿಂಗಳ ಪ್ಯಾಕೇಜೂ ಟ್ಯೂಷನ್ ಅಲ್ಲ, ಮಾತಿನ ವ್ಯಾಪಾರ.

ಲೆಕ್ಕ ಹಾಕಿಯೇ ನೋಡಬಹುದು. ಹಿಮಾಯತ್‌ನಗರದಲ್ಲಿ ಕೂತು ಗಣಿತ ಹೇಳುವ ಒಬ್ಬ ಶಿಕ್ಷಕಿ ಗಂಟೆಗೆ 300 ರೂಪಾಯಿ ಎಂದು ಒಪ್ಪಿಕೊಂಡಳು ಎನ್ನಿ. ವಾರಕ್ಕೆ ಮೂರು ತರಗತಿ, ತಿಂಗಳಿಗೆ 12, ಅಂದರೆ 3600 ರೂಪಾಯಿ. ಆದರೆ ಪ್ರತಿ ತರಗತಿಗೆ 20 ನಿಮಿಷದ ತಯಾರಿ ಬೇಕು, ಅದು ತಿಂಗಳಿಗೆ 4 ಗಂಟೆ. ವಾರಕ್ಕೊಂದು ಉತ್ತರಪತ್ರಿಕೆ ತಿದ್ದಲು 20 ನಿಮಿಷದಂತೆ 1 ಗಂಟೆ 20 ನಿಮಿಷ. ತಿಂಗಳ ಕೊನೆಗೆ ಮನೆಯವರ ಜೊತೆ ಕಾಲು ಗಂಟೆ ಮಾತು. ಎಲ್ಲ ಸೇರಿ 17 ಗಂಟೆ 35 ನಿಮಿಷ. ಮುನ್ನೂರು ಎಂದುಕೊಂಡದ್ದು ಇನ್ನೂರ ಐದಕ್ಕೆ ಇಳಿಯಿತು. ಪಕ್ಕದ ಬೀದಿಯವರು 250ಕ್ಕೆ ಹೇಳಿಕೊಡುತ್ತಾರಂತೆ ಎಂದು ತಾಯಿಯೊಬ್ಬರು ಹೇಳಿದರೆ ಇನ್ನೂ ಇಳಿಯುತ್ತದೆ. ಆಗ ಶಿಕ್ಷಕಿ ಯಾವುದನ್ನು ಬಿಡುತ್ತಾಳೆ? ತರಗತಿ ಬಿಡುವಂತಿಲ್ಲ, ಅದನ್ನು ಎಣಿಸುವವರಿದ್ದಾರೆ. ಯಾರೂ ಎಣಿಸದೇ ಇರುವುದು ತಿದ್ದುವ ಕೆಲಸ. ಸದ್ದಿಲ್ಲದೆ ನಿಲ್ಲುವುದೂ ಅದೇ.

ತಿದ್ದದಿದ್ದರೆ ಏನು ಹೋಗುತ್ತದೆ ಎಂದು ಕೇಳುವವರು ಹತ್ತನೇ ತರಗತಿಯ ಸಮಾಂತರ ಶ್ರೇಢಿಯ ಒಂದು ಸಣ್ಣ ಲೆಕ್ಕ ನೋಡಲಿ. 7, 3, −1, … ಈ ಶ್ರೇಢಿಯ 20ನೇ ಪದ ಯಾವುದು? ಸೂತ್ರ a + (n − 1)d. ಸಾಮಾನ್ಯ ವ್ಯತ್ಯಾಸ −4. ಉತ್ತರ 7 + 19 × (−4), ಅಂದರೆ −69. ಒಬ್ಬ ಹುಡುಗ 83 ಎಂದು ಬರೆದ. ಇನ್ನೊಬ್ಬಳು −73 ಎಂದು ಬರೆದಳು. ಪರದೆಯ ಮೇಲೆ ಆಯ್ಕೆಯ ಪ್ರಶ್ನೆಯಾಗಿ ಕೇಳಿದರೆ ಇಬ್ಬರಿಗೂ ಒಂದೇ ಕೆಂಪು ಗುರುತು, ಇಬ್ಬರಿಗೂ ಮತ್ತೊಮ್ಮೆ ಅದೇ ಪಾಠ. ಕಾಗದ ನೋಡಿದವರಿಗೆ ಮಾತ್ರ ರೋಗ ಬೇರೆಬೇರೆ ಎಂದು ತಿಳಿಯುತ್ತದೆ. ಹುಡುಗ ದೊಡ್ಡದರಿಂದ ಚಿಕ್ಕದನ್ನು ಕಳೆದು ವ್ಯತ್ಯಾಸ 4 ಎಂದುಕೊಂಡಿದ್ದಾನೆ. ಅವನ ತೊಂದರೆ ಶ್ರೇಢಿಯದ್ದಲ್ಲ, ಋಣಸಂಖ್ಯೆಯದ್ದು, ಏಳನೇ ತರಗತಿಯಿಂದ ಹೊತ್ತು ತಂದದ್ದು. ಹುಡುಗಿಗೆ ಚಿಹ್ನೆ ಗೊತ್ತು. ಆದರೆ 19 ಹೆಜ್ಜೆ ಇಡಬೇಕಾದಲ್ಲಿ 20 ಇಟ್ಟಿದ್ದಾಳೆ. ಮೊದಲ ಪದಕ್ಕೆ ಹೆಜ್ಜೆಯೇ ಬೇಡ ಎಂಬುದು ಅವಳಿಗೆ ಹೊಳೆದಿಲ್ಲ. ಅವಳಿಗೆ ಐದು ನಿಮಿಷ ಸಾಕು, ಅವನಿಗೆ ಎರಡು ವಾರ ಬೇಕು. ಇಬ್ಬರಿಗೂ ಒಂದೇ ಗಂಟೆಯ ಪಾಠ ಮಾರುವುದು ಜ್ವರಕ್ಕೂ ಮೂಳೆ ಮುರಿತಕ್ಕೂ ಒಂದೇ ಕಷಾಯ ಕುಡಿಸಿದ ಹಾಗೆ.

ಗಂಟೆ ಲೆಕ್ಕದ ಜೊತೆಗೇ ಬರುವ ಇನ್ನೊಂದು ಕೆಟ್ಟ ರೂಢಿ ಉಚಿತ ಡೆಮೊ ತರಗತಿ. ಅದು ಮದುವೆಗೆ ಹೆಣ್ಣು ನೋಡುವ ಶಾಸ್ತ್ರದಂತೆ. ಶಿಕ್ಷಕಿ ತನಗೆ ಚೆನ್ನಾಗಿ ಬರುವ ಪಾಠವನ್ನು ನಗುನಗುತ್ತಾ ಹೇಳುತ್ತಾಳೆ, ತಂದೆ ಹಿಂದೆ ನಿಂತು ನೋಡುತ್ತಾರೆ, ಮಗು ತಲೆಯಾಡಿಸುತ್ತದೆ. ಮಗುವಿಗೆ ಏನು ಬರುವುದಿಲ್ಲ ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಇದರ ಬದಲು ಎಂಟು ಮತ್ತು ಒಂಬತ್ತನೇ ತರಗತಿಯ ಪಾಠಗಳಿಂದ 20 ಅಂಕಗಳ ಒಂದು ಪತ್ರಿಕೆ ಕೊಟ್ಟು, 40 ನಿಮಿಷ ಬರೆಸಿ, ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ಒಂದು ಪುಟದಲ್ಲಿ ಮನೆಯವರಿಗೆ ಬರೆದುಕೊಡಬೇಕು. ಅದಕ್ಕೆ 300 ರೂಪಾಯಿ ಕೇಳಿ, ಮುಂದೆ ಸೇರಿದರೆ ಮೊದಲ ತಿಂಗಳ ಶುಲ್ಕದಲ್ಲಿ ಕಳೆದುಕೊಳ್ಳಬಹುದು. ದುಡ್ಡು ಕೇಳಿದರೆ ಕೆಲವರು ಹೋಗುತ್ತಾರೆ. ಆದರೆ ಆ ಒಂದು ಪುಟವೇ ಮುಂದಿನ ವಿದ್ಯಾರ್ಥಿಯನ್ನು ಕರೆತರುತ್ತದೆ. ತಾಯಂದಿರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಳ್ಳುವುದು ನಗುಮುಖದ ಡೆಮೊವನ್ನಲ್ಲ, ನಮ್ಮ ಹುಡುಗನ ತಪ್ಪನ್ನು ಈಕೆ ಸರಿಯಾಗಿ ಹಿಡಿದಳು ಎಂಬ ಮಾತನ್ನು.

ವಿದ್ಯಾರ್ಥಿಗಳನ್ನು ಹುಡುಕುವವರು ಮಾಡುವ ದೊಡ್ಡ ತಪ್ಪು ಕರಪತ್ರದಲ್ಲೇ ಇರುತ್ತದೆ: ಆರರಿಂದ ಹತ್ತು, ಎಲ್ಲ ವಿಷಯ, ಎಲ್ಲ ಬೋರ್ಡು. ಬಲೆ ದೊಡ್ಡದಾದರೆ ಮೀನು ಹೆಚ್ಚು ಎಂಬ ಆಸೆ. ಹೈದರಾಬಾದಿನಲ್ಲಿ ಇದರ ಫಲ ಬೇಗ ಗೊತ್ತಾಗುತ್ತದೆ. ತೆಲಂಗಾಣ ರಾಜ್ಯ ಪಠ್ಯದ ಹತ್ತನೇ ತರಗತಿ ಗಣಿತದಲ್ಲಿ ಗಣಗಳ ಅಧ್ಯಾಯವಿದೆ, ವಾಸ್ತವ ಸಂಖ್ಯೆಗಳ ಜೊತೆ ಲಾಗರಿದಮ್ ಇದೆ. ಸಿಬಿಎಸ್ಇಯ ಹತ್ತರಲ್ಲಿ ಇವೆರಡೂ ಇಲ್ಲ. ಕರ್ನಾಟಕದ ಎಸ್ಸೆಸ್ಸೆಲ್ಸಿ ಗಣಿತವಾದರೋ ಎನ್‌ಸಿಇಆರ್‌ಟಿ ಪಠ್ಯವನ್ನೇ ಆಧರಿಸಿದ್ದು. ಹಾಗಾಗಿ ಕಾಚಿಗೂಡದ ಸಿಬಿಎಸ್ಇ ಹುಡುಗಿಯನ್ನೂ ರಾಯಚೂರಿನ ಎಸ್ಸೆಸ್ಸೆಲ್ಸಿ ಹುಡುಗನನ್ನೂ ಒಂದೇ ಪಾಠಕ್ಕೆ ಕೂರಿಸಬಹುದು, ಪ್ರಶ್ನೆಪತ್ರಿಕೆಯ ಮಾದರಿ ಬೇರೆ ಎಂಬ ಎಚ್ಚರವಿದ್ದರೆ ಸಾಕು. ಪಕ್ಕದ ಮನೆಯ ತೆಲಂಗಾಣ ಬೋರ್ಡಿನ ಹುಡುಗನನ್ನು ಆ ಗುಂಪಿಗೆ ಸೇರಿಸಿದರೆ ಮಾತ್ರ ಪಾಠದ ಸರಣಿಯೇ ಕೂಡುವುದಿಲ್ಲ. ನಕ್ಷೆಯಲ್ಲಿ ದೂರದವನು ಪಠ್ಯದಲ್ಲಿ ಹತ್ತಿರದವನು. ಕನ್ನಡದಲ್ಲಿ ಗಣಿತ ವಿವರಿಸಬಲ್ಲ ಶಿಕ್ಷಕಿಗೆ ಇದೇ ನಿಜವಾದ ದಾರಿ: ಒಂದು ವಿಷಯ, ಒಂದು ತರಗತಿ, ಒಂದು ಪಠ್ಯ. ಕೇಳುವ ಕಾಲವೂ ಮುಖ್ಯ. ಮನೆಯವರು ಹುಡುಕತೊಡಗುವುದು ಅರ್ಧವಾರ್ಷಿಕ ಅಂಕ ಕೈಗೆ ಬಂದಾಗ, ದಸರೆಯ ಆಚೀಚೆ. ಜನವರಿಯಲ್ಲಿ ಬರುವ ಕರೆಗೆ ಪೂರ್ತಿ ಪಾಠದ ಭರವಸೆ ಕೊಡುವುದು ಸುಳ್ಳು. ಆಗ ಹಳೆಯ ಪ್ರಶ್ನೆಪತ್ರಿಕೆ ಬರೆಸಿ ತಿದ್ದಲಷ್ಟೇ ಸಮಯವಿರುತ್ತದೆ.

ಇನ್ನು ತರಗತಿಯ ಒಳಗಿನ ಮಾತು. 60 ನಿಮಿಷದಲ್ಲಿ ಶಿಕ್ಷಕಿಯ ಬಾಯಿಗೆ 20 ನಿಮಿಷಕ್ಕಿಂತ ಹೆಚ್ಚು ಸಲ್ಲಬಾರದು. ಮೊದಲ 10 ನಿಮಿಷ ಕಳೆದ ಪತ್ರಿಕೆಯಲ್ಲಿ ತಪ್ಪಿದ ಲೆಕ್ಕವನ್ನೇ ಮಗು ಮತ್ತೆ ಬಿಡಿಸಬೇಕು. ಮುಂದಿನ 20 ಹೊಸ ಪಾಠ. ಆಮೇಲಿನ 20 ನಿಮಿಷ ಮಗು ಬರೆಯುತ್ತದೆ, ಶಿಕ್ಷಕಿ ಸುಮ್ಮನಿರುತ್ತಾಳೆ. ಕ್ಯಾಮೆರಾ ಆಗ ಮುಖದ ಮೇಲಲ್ಲ, ನೋಟ್‌ಬುಕ್ಕಿನ ಮೇಲಿರಬೇಕು. ಪುಸ್ತಕಗಳನ್ನು ಪೇರಿಸಿ ಅಂಚಿನಲ್ಲಿ ಮೊಬೈಲನ್ನು ಕೆಳಮುಖವಾಗಿ ಇಟ್ಟರೆ ಆಯಿತು. ಕೊನೆಯ 10 ನಿಮಿಷದಲ್ಲಿ ಅಂದಿನ ತಪ್ಪನ್ನು ಮಗು ತನ್ನ ಮಾತಿನಲ್ಲೇ ಒಂದು ಬೇರೆ ಪುಸ್ತಕದಲ್ಲಿ ಬರೆದಿಡುತ್ತದೆ. “ಅರ್ಥವಾಯ್ತಾ?” ಎಂದು ಕೇಳಿದರೆ “ಆಯ್ತು ಮಿಸ್” ಎಂಬ ಉತ್ತರ ಕಟ್ಟಿಟ್ಟದ್ದು. ಅಂಕಿ ಬದಲಿಸಿ ಅದೇ ಲೆಕ್ಕ ಕೊಟ್ಟಾಗ ಪೆನ್ನು ನಿಂತರೆ ಅರ್ಥವಾಗಿಲ್ಲ. ಆ ನಿಂತ ಪೆನ್ನನ್ನು ಕಾಣಲೆಂದೇ ಕ್ಯಾಮೆರಾ ಕೆಳಗೆ ತಿರುಗಿಸುವುದು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ನಾಲ್ಕು ಮಕ್ಕಳ ಗುಂಪು, ತಲೆಗೆ 1800, ಒಟ್ಟು 7200. ತರಗತಿ 12 ಗಂಟೆ, ತಯಾರಿ ಅದೇ 4 ಗಂಟೆ, ನಾಲ್ವರ ಪತ್ರಿಕೆ ತಿದ್ದಲು 5 ಗಂಟೆ 20 ನಿಮಿಷ, ನಾಲ್ಕು ಮನೆಗಳ ಜೊತೆ ಮಾತು 1 ಗಂಟೆ. ಒಟ್ಟು 22 ಗಂಟೆ 20 ನಿಮಿಷ, ಗಂಟೆಗೆ ಸುಮಾರು 322 ರೂಪಾಯಿ. ಮನೆಯವರು ಕೊಡುವುದು ಅರ್ಧವಾಯಿತು, ಶಿಕ್ಷಕಿಗೆ ಸಿಗುವುದು ಹೆಚ್ಚಾಯಿತು, ತಿದ್ದುವ ಕೆಲಸ ಉಳಿಯಿತು. ದುಡ್ಡಷ್ಟೇ ನೋಡುವುದಾದರೆ 15 ಮಕ್ಕಳನ್ನು ಕೂರಿಸುವುದೇ ಲಾಭ, ಇದನ್ನು ಒಪ್ಪಲೇಬೇಕು. ಆದರೆ ಆಗ ಒಂದು ಗಂಟೆಯಲ್ಲಿ ಒಬ್ಬ ಮಗುವಿನ ಪಾಲಿಗೆ ಬರುವುದು 4 ನಿಮಿಷ, ತಿಂಗಳಿಗೆ ತಿದ್ದಬೇಕಾದ್ದು 20 ಗಂಟೆ. ಅದು ಎಷ್ಟು ದಿನ ನಡೆದೀತು? ಶಾಲೆಯಲ್ಲಿ ಯಾರೂ ತನ್ನ ನೋಟ್‌ಬುಕ್ ನೋಡಲಿಲ್ಲ ಎಂದು ಟ್ಯೂಷನ್ನಿಗೆ ಬಂದ ಮಗುವಿಗೆ ಇನ್ನೊಂದು ಶಾಲೆ ಸಿಕ್ಕಂತಾಯಿತು.

ತಿಂಗಳು ಎಂದರೇನು ಎಂಬುದನ್ನೂ ಮೊದಲೇ ಬರೆದಿಡಬೇಕು. ಕ್ಯಾಲೆಂಡರಿನ ತಿಂಗಳಾದರೆ ಬತುಕಮ್ಮ, ದಸರೆಯ ರಜೆ ಬಂದಾಗ ಜಗಳ ತಪ್ಪಿದ್ದಲ್ಲ. ಊರಿಗೆ ಹೋಗಿದ್ದೆವು, ಪೂರ್ತಿ ಫೀಸು ಯಾಕೆ ಎಂದು ಮನೆಯವರು ಕೇಳುತ್ತಾರೆ. ಸಮಯ ಕಾದಿರಿಸಿದ್ದೆ ಎಂದು ಶಿಕ್ಷಕಿ ಹೇಳುತ್ತಾಳೆ. ಇಬ್ಬರದ್ದೂ ನ್ಯಾಯವೇ. ಆದ್ದರಿಂದ ಪ್ಯಾಕೇಜ್ ಎಂದರೆ 12 ತರಗತಿ ಮತ್ತು 4 ತಿದ್ದಿದ ಪತ್ರಿಕೆ, ಮುಗಿಸಲು ಐದು ವಾರ, ಗುಂಪಿಗೇ ರಜೆ ಬಂದರೆ ಅಷ್ಟು ದಿನ ಮುಂದಕ್ಕೆ. ಹಣ ಮುಂಗಡ, ಪ್ರತಿಸಲ ರಸೀದಿ. ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ತರಗತಿಗಳ ಹಣ ಹತ್ತು ದಿನದಲ್ಲಿ ವಾಪಸ್. ಈ ಕೊನೆಯ ಮಾತು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲೇ ಇದೆ. ಅದು 50ಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳಿಗೆ ಬರೆದದ್ದು, ನಾಲ್ವರಿಗೆ ಪಾಠ ಹೇಳುವವಳಿಗಲ್ಲ. ಆದರೂ ದೊಡ್ಡ ಕೇಂದ್ರಕ್ಕೆ ಹೇಳಿಸಿಕೊಂಡು ಮಾಡಬೇಕಾದ ಕೆಲಸವನ್ನು ಒಂಟಿ ಶಿಕ್ಷಕಿ ಹೇಳಿಸಿಕೊಳ್ಳದೆ ಮಾಡಿದರೆ, ಅವಳ ದರದ ಮೇಲೆ ಚೌಕಾಶಿ ಕಡಿಮೆಯಾಗುತ್ತದೆ.

1800 ಕೂಡ ಎಷ್ಟೋ ಮನೆಗಳಿಗೆ ಹೆಚ್ಚು ಎಂಬ ಆಕ್ಷೇಪ ಉಳಿಯುತ್ತದೆ, ಮತ್ತು ಅದು ಸರಿಯಾದ ಆಕ್ಷೇಪ. ಇಲ್ಲಿ ರೂಢಿಯ ಉತ್ತರ, ತಿದ್ದುವುದನ್ನು ಬಿಟ್ಟು ಅಗ್ಗದ ದರಕ್ಕೆ ತರಗತಿ ಕೊಡುವುದು. ಮಾಡಬೇಕಾದದ್ದು ಅದರ ತಲೆಕೆಳಗು. ತರಗತಿಯೇ ಇಲ್ಲದ ಪ್ಯಾಕೇಜ್ ಇರಲಿ: ವಾರಕ್ಕೊಂದು ಪತ್ರಿಕೆ, ಮಗು ಬರೆದು ಫೋಟೊ ಕಳಿಸಲಿ, ತಿದ್ದಲು 20 ನಿಮಿಷ, ತಪ್ಪುಗಳ ಬಗ್ಗೆ ಫೋನಿನಲ್ಲಿ 15 ನಿಮಿಷ. ತಿಂಗಳಿಗೆ 2 ಗಂಟೆ 20 ನಿಮಿಷದ ಕೆಲಸ, 600 ರೂಪಾಯಿ. ಗಂಟೆಗೆ 257 ಬಿತ್ತು. ಮುನ್ನೂರರ ಆ ಗಂಟೆಗಿಂತ ಇದೇ ಹೆಚ್ಚು. ಪಾಠ ಶಾಲೆಯಲ್ಲೂ ಸಿಗುತ್ತದೆ, ಯೂಟ್ಯೂಬಿನಲ್ಲಿ ಬಿಟ್ಟಿಯಾಗಿಯೂ ಸಿಗುತ್ತದೆ. 83 ಬರೆದ ಹುಡುಗನಿಗೂ −73 ಬರೆದ ಹುಡುಗಿಗೂ ಅಲ್ಲಿ ಸಿಗದೇ ಇರುವುದು ಅವರ ಕಾಗದವನ್ನು ಓದುವ ಒಬ್ಬರು.

ಮುಂದಿನ ಸಲ ಫೋನಿನಲ್ಲಿ ಗಂಟೆಗೆ ಎಷ್ಟು ಎಂಬ ಪ್ರಶ್ನೆ ಬಂದರೆ, ತಿಂಗಳಿಗೆ ಎಷ್ಟು ಪತ್ರಿಕೆ ತಿದ್ದುತ್ತೇನೆ ಎಂಬುದೇ ಅದಕ್ಕೆ ಉತ್ತರವಾಗಲಿ. ಅದನ್ನು ಕೇಳಿ ಫೋನ್ ಇಡುವವರು ಇಡಲಿ.